ಗ್ವಾಗ್ವಾ: ಹತ್ತಬೇಕೋ, ಎತ್ತಿಕೊಳ್ಳಬೇಕೋ?

ಕ್ಯೂಬಾದ ಹವಾನಾದಲ್ಲಿ ಯಾರಾದರೂ "ಗ್ವಾಗ್ವಾ ಬಂತು" ಎಂದರೆ ಬಸ್ ಬಂತು ಎಂದರ್ಥ. ನಿಂತವರು ಸೀಟು ಹಿಡಿಯಲು ಓಡುತ್ತಾರೆ. ಚಿಲಿಯ ರಾಜಧಾನಿ ಸ್ಯಾಂಟಿಯಾಗೊದಲ್ಲಿ ಗ್ವಾಗ್ವಾ ಎಂದರೆ ಎಳೆಗೂಸು. ಎರಡೂ ದೇಶಗಳ ಭಾಷೆ ಸ್ಪ್ಯಾನಿಷ್, ಎರಡೂ ಕಡೆ ಕಾಗುಣಿತ ಅದೇ, ಉಚ್ಚಾರವೂ ಬಹುತೇಕ ಅದೇ. ಕ್ಯೂಬಾದವನೊಬ್ಬ ಚಿಲಿಗೆ ಹೋಗಿ "ಊರಿನ ನಡುವಿಗೆ ಹೋಗಬೇಕು, ಗ್ವಾಗ್ವಾ ಎಲ್ಲಿ ಹಿಡಿಯಲಿ?" ಎಂದು ಕೇಳುವ ನಗೆಹನಿ ಆ ಕಡೆಯವರಿಗೆಲ್ಲ ಗೊತ್ತು. ಕೇಳಿಸಿಕೊಂಡವರು ಪೊಲೀಸರನ್ನು ಕರೆಯುತ್ತಾರೋ ದಾರಿ ತೋರಿಸುತ್ತಾರೋ ಎಂಬುದು ಕತೆ ಹೇಳುವವರ ಮರ್ಜಿ.

ಸ್ಪ್ಯಾನಿಷ್ ಇಂದು 20 ಸ್ವತಂತ್ರ ದೇಶಗಳ ಅಧಿಕೃತ ಭಾಷೆ. ಅಮೆರಿಕದ ಆಡಳಿತಕ್ಕೆ ಸೇರಿದ ಪೋರ್ಟೊ ರಿಕೊ ದ್ವೀಪವನ್ನೂ ಇದರ ಜೊತೆಗೆ ಎಣಿಸಬೇಕು. ಅದನ್ನು ಹುಟ್ಟಿಸಿದ ಸ್ಪೇನ್‌ನಲ್ಲಿ ಇರುವವರು ಐದು ಕೋಟಿಗೂ ಕಡಿಮೆ. ಮೆಕ್ಸಿಕೊ ಒಂದರಲ್ಲೇ ಹನ್ನೆರಡು ಕೋಟಿಗೂ ಹೆಚ್ಚು ಜನರಿದ್ದಾರೆ. ವ್ಯಾಕರಣದಲ್ಲಿ ದೇಶದಿಂದ ದೇಶಕ್ಕೆ ಅಂಥ ದೊಡ್ಡ ವ್ಯತ್ಯಾಸವೇನಿಲ್ಲ. ನೀರು, ರೊಟ್ಟಿ, ಕೈ, ತಾಯಿ, ಸೂರ್ಯ, ಮಳೆ ಇವುಗಳಿಗೆ ಎಲ್ಲ ಕಡೆ ಒಂದೇ ಪದ. ಮ್ಯಾಡ್ರಿಡ್‌ನ ಪತ್ರಿಕೆಯನ್ನು ಪೆರುವಿನ ಲಿಮಾದಲ್ಲಿ ಓದಬಹುದು. ಎಡವುವುದು ಮನೆಯಿಂದ ಹೊರಬಿದ್ದು ಬಸ್ ಹತ್ತುವಾಗ, ಕಾರಿಗೆ ಪೆಟ್ರೋಲ್ ಹಾಕಿಸುವಾಗ, ಹೋಟೆಲಿನಲ್ಲಿ ಜ್ಯೂಸ್ ಕೇಳುವಾಗ, ಫೋನ್ ಕಳೆದುಕೊಂಡಾಗ.

ಇದಕ್ಕೆ ಕಾರಣ ಇತಿಹಾಸದಲ್ಲಿದೆ. ದಕ್ಷಿಣ ಮತ್ತು ಮಧ್ಯ ಅಮೆರಿಕದ ಹೆಚ್ಚಿನ ದೇಶಗಳು 1810ರಿಂದ 1825ರ ನಡುವೆ ಸ್ಪೇನ್‌ನಿಂದ ಬಿಡಿಸಿಕೊಂಡವು. ಕ್ಯೂಬಾ ಮತ್ತು ಪೋರ್ಟೊ ರಿಕೊ 1898ರವರೆಗೆ ಅದರ ಕೈಯಲ್ಲೇ ಇದ್ದವು. ಮೋಟಾರು, ಬಸ್ಸು, ಪೆಟ್ರೋಲು, ಕಂಪ್ಯೂಟರು, ಮೊಬೈಲು ಎಲ್ಲವೂ ಬಂದದ್ದು ಆಮೇಲೆ. ಅಷ್ಟರಲ್ಲಿ ಆ ದೇಶಗಳಿಗೆ ಒಂದು ರಾಜಧಾನಿ ಇರಲಿಲ್ಲ, ಒಂದು ಸರ್ಕಾರವಿರಲಿಲ್ಲ. ಹೊಸ ವಸ್ತು ಯಾವ ಬಂದರಿನಲ್ಲಿ ಇಳಿಯಿತೋ ಅಲ್ಲಿನ ಜನ ತಮಗೆ ತೋಚಿದ ಹೆಸರಿಟ್ಟರು. ನಮ್ಮಲ್ಲಿ ಹೀಗಾಗಲಿಲ್ಲ. ಕನ್ನಡ ನಾಡು ಮೈಸೂರು ಸಂಸ್ಥಾನ, ಮುಂಬಯಿ ಪ್ರಾಂತ, ಮದರಾಸು ಪ್ರಾಂತ, ನಿಜಾಮರ ಸೀಮೆ ಎಂದು ಹರಿದು ಹಂಚಿಹೋಗಿದ್ದರೂ ಎಲ್ಲರ ತಲೆಯ ಮೇಲೂ ಇಂಗ್ಲಿಷರೇ ಇದ್ದರು. ಹಾಗಾಗಿ ಮೈಸೂರಿನ ಕಡಲೇಕಾಯಿ ಧಾರವಾಡದಲ್ಲಿ ಶೇಂಗಾ ಆದರೂ ಬಸ್ಸು ಮಾತ್ರ ಬೀದರಿನಿಂದ ಚಾಮರಾಜನಗರದವರೆಗೆ ಬಸ್ಸೇ ಆಗಿ ಉಳಿಯಿತು.

ಈ ಬಸ್ ಎಂಬ ಪದದ ಕತೆಯನ್ನೂ ಇಲ್ಲೇ ಹೇಳಿಬಿಡಬೇಕು. ಲ್ಯಾಟಿನ್ನಿನಲ್ಲಿ 'ಓಮ್ನಿಬುಸ್' ಎಂದರೆ 'ಎಲ್ಲರಿಗೂ'. 1820ರ ದಶಕದಲ್ಲಿ ಫ್ರಾನ್ಸಿನ ನಾಂತ್ ಪಟ್ಟಣದಲ್ಲಿ ಯಾರು ಬೇಕಾದರೂ ದುಡ್ಡು ಕೊಟ್ಟು ಹತ್ತಬಹುದಾದ ಕುದುರೆ ಗಾಡಿಗೆ ಆ ಹೆಸರು ಬಂತು. ಬರಬರುತ್ತ ಮುಂಭಾಗ ಉದುರಿ 'ಬಸ್' ಉಳಿಯಿತು. ಅಂದರೆ ಉಳಿದದ್ದು ಬರೀ ವಿಭಕ್ತಿ ಪ್ರತ್ಯಯ. ಕನ್ನಡದ 'ಎಲ್ಲರಿಗೂ' ಎಂಬುದರಲ್ಲಿ 'ಎಲ್ಲರಿ' ಕಳಚಿಹೋಗಿ ನಾವೆಲ್ಲ 'ಗೂ' ಹತ್ತಿ ಆಫೀಸಿಗೆ ಹೋದಂತೆ ಇದು! ಉರುಗ್ವೆಯವರು ಮಾತ್ರ ಇಂದಿಗೂ ಪೂರ್ತಿ 'ಓಮ್ನಿಬುಸ್' ಎನ್ನುತ್ತಾರೆ. ಸ್ಪೇನ್‌ನಲ್ಲಿ ಅದರ ಮುಂದೆ ಸ್ವಯಂಚಾಲಿತ ಎಂಬರ್ಥದ 'ಔತೊ' ಸೇರಿಸಿ 'ಔತೊಬೂಸ್' ಮಾಡಿಕೊಂಡರು. ಊರಿಂದೂರಿಗೆ ಹೋಗುವ ದೂರದ ಬಸ್ಸಿಗೆ ಅಲ್ಲಿ 'ಔತೊಕಾರ್' ಎಂಬ ಬೇರೆಯೇ ಹೆಸರಿದೆ.

ಮೆಕ್ಸಿಕೊದಲ್ಲಿ ನಗರದ ಬಸ್ಸಿಗೆ ಜನ ಹೇಳುವುದು 'ಕಾಮ್ಯೋನ್'. ಉಳಿದೆಲ್ಲ ಕಡೆ ಆ ಪದಕ್ಕೆ ಲಾರಿ ಎಂದರ್ಥ. ಪ್ರಯಾಣಿಕರ ಲಾರಿ ಎಂಬ ಉದ್ದನೆಯ ಹೆಸರಿನಲ್ಲಿ 'ಪ್ರಯಾಣಿಕರ' ಬಿದ್ದುಹೋಯಿತು. ಆದ್ದರಿಂದ "ದಿನಾ ಕಾಮ್ಯೋನ್‌ನಲ್ಲಿ ಕಾಲೇಜಿಗೆ ಹೋಗುತ್ತೇನೆ" ಎಂದು ಮೆಕ್ಸಿಕೊದ ಹುಡುಗಿ ಹೇಳಿದರೆ ಸ್ಪೇನ್‌ನವನ ಕಣ್ಣ ಮುಂದೆ ಇಟ್ಟಿಗೆ, ಮರಳಿನ ಮೇಲೆ ಕುಳಿತು ಹೋಗುವ ಹುಡುಗಿ ಬರುತ್ತಾಳೆ. ಸರಕಿನ ಲಾರಿಯನ್ನೇ ಹೇಳಬೇಕಾದಾಗ ಮೆಕ್ಸಿಕೊದವರು 'ಸರಕಿನ ಕಾಮ್ಯೋನ್' ಎಂದು ಬಿಡಿಸಿ ಹೇಳುತ್ತಾರೆ. ಮೆಕ್ಸಿಕೊ ನಗರದಲ್ಲಿ ಸಣ್ಣ ಬಸ್ಸುಗಳಿಗೆ 'ಪೆಸೇರೊ' ಎಂಬ ಇನ್ನೊಂದು ಹೆಸರೂ ಇದೆ. ಹಿಂದೆ ಹಂಚಿಕೊಂಡು ಹೋಗುವ ಟ್ಯಾಕ್ಸಿಗೆ ತಲೆಗೊಂದು ಪೆಸೊ ಕೊಡುತ್ತಿದ್ದ ಕಾಲದ ಹೆಸರು ಅದು. ದರ ಯಾವಾಗಲೋ ಏರಿತು, ಹೆಸರು ಹಾಗೇ ಉಳಿಯಿತು. ಪಕ್ಕದ ಗ್ವಾಟೆಮಾಲಾಕ್ಕೆ ದಾಟಿದರೆ ಬಸ್ಸು 'ಕಾಮ್ಯೊನೇತಾ', ಅಂದರೆ ಪುಟ್ಟ ಲಾರಿ. ಅಮೆರಿಕದ ಶಾಲೆಗಳು ಓಡಿಸಿ ಬಿಟ್ಟ ಹಳದಿ ಬಸ್ಸುಗಳನ್ನು ತಂದು, ಕಣ್ಣು ಕೋರೈಸುವ ಬಣ್ಣ ಬಳಿದು ಓಡಿಸುತ್ತಾರೆ. ಅವು ಯಾವ ಲೆಕ್ಕದಲ್ಲೂ ಪುಟ್ಟವಲ್ಲ. ಅದೇ 'ಕಾಮ್ಯೊನೇತಾ' ಮೆಕ್ಸಿಕೊದಲ್ಲಿ ವ್ಯಾನು, ಪಿಕಪ್ ಗಾಡಿಗಳ ಹೆಸರು.

ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನ ಪದಕ್ಕೆ ಹುಟ್ಟಿದ ದಿನಾಂಕವೇ ಇದೆ. 1928ರಲ್ಲಿ ಅಲ್ಲಿನ ಟ್ಯಾಕ್ಸಿ ಚಾಲಕರಿಗೆ ಗಿರಾಕಿ ಸಿಗುತ್ತಿರಲಿಲ್ಲ. ಒಬ್ಬನೇ ಪೂರ್ತಿ ಬಾಡಿಗೆ ಕೊಡಲಾರ, ಟ್ರಾಮ್‌ನಲ್ಲಿ ಹೋಗುತ್ತಾನೆ. ಕೆಲವು ಚಾಲಕರು ಕೂಡಿ ಒಂದು ಉಪಾಯ ಹೂಡಿದರು. ಟ್ಯಾಕ್ಸಿಯನ್ನು ಗೊತ್ತಾದ ದಾರಿಯಲ್ಲಿ ಓಡಿಸುವುದು, ಸಿಕ್ಕಷ್ಟು ಜನರನ್ನು ಹತ್ತಿಸಿಕೊಳ್ಳುವುದು, ಬಾಡಿಗೆಯನ್ನು ತಲೆಗಿಷ್ಟು ಎಂದು ಹಂಚುವುದು. ಆ ವರ್ಷ ಸೆಪ್ಟೆಂಬರ್ 24ರಂದು ಮೊದಲ ಗಾಡಿ ಹೊರಟಿತು. ಅದು 'ತಾಕ್ಸಿ ಕೊಲೆಕ್ತೀವೊ', ಸಾಮೂಹಿಕ ಟ್ಯಾಕ್ಸಿ. ಜನ ಹೆಚ್ಚಾದಂತೆ ಕಾರನ್ನು ಉದ್ದ ಮಾಡಿದರು, ಸೀಟು ಕೂಡಿಸಿದರು, ಆಮೇಲೆ ಲಾರಿಯ ಚಾಸಿಯ ಮೇಲೆ ಬಾಡಿ ಕಟ್ಟಿದರು, ಕಡೆಗೆ ಅದು ಬಸ್ಸೇ ಆಯಿತು. ಇಷ್ಟೆಲ್ಲ ಆಗುವಷ್ಟರಲ್ಲಿ 'ತಾಕ್ಸಿ' ಉದುರಿ 'ಕೊಲೆಕ್ತೀವೊ' ಎಂದರೆ ಬಸ್ ಎಂದು ನಿಂತುಹೋಗಿತ್ತು. ಸೆಪ್ಟೆಂಬರ್ 24 ಅರ್ಜೆಂಟೀನಾದಲ್ಲಿ ಇಂದಿಗೂ ಬಸ್ ಚಾಲಕರ ದಿನ.

ಆದರೆ ಆಂಡಿಸ್ ಪರ್ವತ ದಾಟಿ ಚಿಲಿಗೆ ಇಳಿದರೆ 'ಕೊಲೆಕ್ತೀವೊ' ತನ್ನ ಹಳೆಯ ಅರ್ಥದಲ್ಲೇ ಬದುಕಿದೆ. ಅಲ್ಲಿ ಅದು ಗೊತ್ತಾದ ದಾರಿಯಲ್ಲಿ ನಾಲ್ಕು ಜನರನ್ನು ಕೂರಿಸಿಕೊಂಡು ಹೋಗುವ ಕಾರು. ಬಸ್ಸಿಗೆ ಚಿಲಿಯವರು ಹೇಳುವುದು 'ಮೀಕ್ರೊ'. ಮೈಕ್ರೋಬಸ್ ಎಂಬುದರ ಮೊದಲ ತುಂಡು ಅದು. ಈಗ ಓಡುವುದು ಎಷ್ಟು ದೊಡ್ಡ ಬಸ್ಸಾದರೂ ಅದು ಮೀಕ್ರೊ, ವ್ಯಾಕರಣದಲ್ಲಿ ಸ್ತ್ರೀಲಿಂಗ. ಅರ್ಜೆಂಟೀನಾದಲ್ಲೂ ಮೀಕ್ರೊ ಇದೆ, ಆದರೆ ಅದು ಪುಲ್ಲಿಂಗ ಮತ್ತು ಅದರ ಅರ್ಥ ರಾತ್ರಿಯಿಡೀ ಓಡುವ ದೂರದ ದೊಡ್ಡ ಬಸ್ಸು. ನನಗೆ ಈ ಇಡೀ ಕತೆಯಲ್ಲಿ ಬಹಳ ಇಷ್ಟವಾಗುವುದು ಇದೇ. ಒಂದು ಪರ್ವತದ ಎರಡು ಬದಿಯವರು ಎರಡೇ ಪದಗಳನ್ನು ಇಟ್ಟುಕೊಂಡು, ಅವುಗಳ ಅರ್ಥ ಮಾತ್ರ ಅದಲುಬದಲು ಮಾಡಿಕೊಂಡು ಕೂತಿದ್ದಾರೆ.

ಬ್ಯೂನಸ್ ಐರಿಸ್‌ನ ಬೀದಿ ಮಾತಿನಲ್ಲಿ ಕೊಲೆಕ್ತೀವೊ ಕೂಡ ಸ್ವಲ್ಪ ಗಂಭೀರ ಪದ. ಗೆಳೆಯರ ನಡುವೆ ಅದು 'ಬೋಂದಿ'. ಬ್ರೆಜಿಲ್‌ನಲ್ಲಿ ಟ್ರಾಮ್ ಕಂಪನಿಗಳು ಬಂದ ಹೊಸತರಲ್ಲಿ ಇಂಗ್ಲಿಷಿನ 'ಬಾಂಡ್' ಎಂಬ ಪದ ಅಲ್ಲಿನ ಪೋರ್ಚುಗೀಸರ ಬಾಯಲ್ಲಿ 'ಬೋಂಜಿ'ಯಂತಾಗಿ ಟ್ರಾಮಿನ ಹೆಸರಾಯಿತು. ಅದು ಗಡಿ ದಾಟಿ ಅರ್ಜೆಂಟೀನಾಕ್ಕೆ ಬಂದು 'ಬೋಂದಿ' ಎನಿಸಿಕೊಂಡು ಅಲ್ಲಿಯೂ ಟ್ರಾಮಿಗೇ ನಿಂತಿತು. 1960ರ ದಶಕದಲ್ಲಿ ನಗರದ ಟ್ರಾಮುಗಳು ಮುಚ್ಚಿದಾಗ ಕೆಲಸ ಕಳೆದುಕೊಂಡ ಪದ ಬಸ್ಸಿನ ಮೇಲೆ ಹತ್ತಿ ಕುಳಿತಿತು.

ಇನ್ನು ಗ್ವಾಗ್ವಾ. ಕ್ಯೂಬಾ, ಪೋರ್ಟೊ ರಿಕೊ, ಡೊಮಿನಿಕನ್ ಗಣರಾಜ್ಯ ಮತ್ತು ಸಾಗರದಾಚೆ ಆಫ್ರಿಕದ ಪಕ್ಕದಲ್ಲಿರುವ ಸ್ಪೇನ್‌ನ ಕನೇರಿ ದ್ವೀಪಗಳು ಇದರ ಸೀಮೆ. ಕನೇರಿ ದ್ವೀಪಗಳಿಂದ ಕ್ಯೂಬಾಕ್ಕೆ ದುಡಿಯಲು ಹೋಗಿ ಬರುವವರ ಸಾಲು ಬಹುಕಾಲ ನಡೆದಿತ್ತು. ಪದ ಅವರ ಜೊತೆ ಹಡಗು ಹತ್ತಿತು. ಲಾಸ್ ಪಾಲ್ಮಾಸ್ ನಗರದ ಸಾರಿಗೆ ಸಂಸ್ಥೆಯ ಅಧಿಕೃತ ಹೆಸರಿನಲ್ಲೇ ಗ್ವಾಗ್ವಾ ಇದೆ, ಆಡುಮಾತೆಂಬ ಸಂಕೋಚ ಅವರಿಗಿಲ್ಲ. ಪದದ ಮೂಲವೇನು ಎಂದು ಕೇಳಿದರೆ ಎಲ್ಲರೂ ಒಂದು ಕತೆ ಹೇಳುತ್ತಾರೆ. ಅಮೆರಿಕದ ಯಾವುದೋ ಕಂಪನಿ ಬಸ್ಸು ಕಳಿಸುತ್ತಿತ್ತು, ಅದರ ಹೆಸರಿನ ಮೊದಲಕ್ಷರಗಳು ಸೇರಿ 'ವಾ ಆಂಡ್ ವಾ' ಎಂದು ಗಾಡಿಯ ಮೇಲೆ ಬರೆದಿತ್ತು, ಅದೇ ಗ್ವಾಗ್ವಾ ಆಯಿತು ಎಂದು. ಕೇಳಲು ಚಂದವಾಗಿದೆ, ನಂಬಲು ಆಧಾರ ಸಾಲದು. ಕ್ಯೂಬಾದಲ್ಲಿ ಮೋಟಾರು ಬಸ್ಸು ಬರುವ ಮೊದಲೇ, 19ನೇ ಶತಮಾನದಲ್ಲೇ, ಪ್ರಾಣಿಗಳು ಎಳೆಯುವ ಗಾಡಿಗೆ ಈ ಹೆಸರಿತ್ತು. ಇಂಗ್ಲಿಷಿನ 'ವ್ಯಾಗನ್' ಇರಬಹುದು ಎನ್ನುವವರಿದ್ದಾರೆ, ಹಾರ್ನಿನ ಸದ್ದು ಎನ್ನುವವರೂ ಇದ್ದಾರೆ. ವಿದ್ವಾಂಸರಲ್ಲಿ ಒಮ್ಮತವಿಲ್ಲ.

ಚಿಲಿ, ಪೆರು, ಬೊಲಿವಿಯಾ, ಈಕ್ವೆಡಾರ್‌ಗಳ ಗ್ವಾಗ್ವಾಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಅದು ಇಂಕಾ ಜನರ ಕೆಚುವಾ ಭಾಷೆಯ 'ವಾವಾ', ಮಗು. ಈಕ್ವೆಡಾರ್‌ನಲ್ಲಿ ನವೆಂಬರ್ 2ರಂದು ಸತ್ತ ಹಿರಿಯರನ್ನು ನೆನೆಯುವ ಹಬ್ಬಕ್ಕೆ ಮಗುವಿನ ಆಕಾರದ ಬ್ರೆಡ್ ಮಾಡುತ್ತಾರೆ, ಅದರ ಹೆಸರು 'ಬ್ರೆಡ್ಡಿನ ಗ್ವಾಗ್ವಾ'. ಒಂದೇ ಸದ್ದಿನ ಎರಡು ಬೇರೆ ಪದಗಳು ಒಂದೇ ಭಾಷೆಯೊಳಗೆ ಬಂದು ಕೂತಿವೆ, ಅಷ್ಟೆ.

ಬಸ್ಸಿನ ಹೆಸರು ಸರಿಯಾಗಿ ಕಲಿತರೂ ಅಪಾಯ ತಪ್ಪಲಿಲ್ಲ, ಏಕೆಂದರೆ ಕ್ರಿಯಾಪದವೊಂದು ಕಾದಿದೆ. ಸ್ಪೇನ್‌ನಲ್ಲಿ ಬಸ್ ಹಿಡಿಯುವುದಕ್ಕೆ 'ಕೊಹೇರ್' ಎನ್ನುತ್ತಾರೆ. ಹಿಡಿ, ತಗೋ ಎಂಬ ಸಾಧಾರಣ ಅರ್ಥ, ದಿನಕ್ಕೆ ನೂರು ಸಲ ಬರುವ ಪದ. ಮೆಕ್ಸಿಕೊ, ಅರ್ಜೆಂಟೀನಾಗಳಲ್ಲಿ ಅದೇ ಪದ ಸಂಭೋಗಕ್ಕೆ ಇರುವ ಒರಟು ಬೈಗುಳದ ಮಾತು. ಸ್ಪೇನ್‌ನ ಪುಸ್ತಕ ಓದಿ ಕಲಿತ ವಿದ್ಯಾರ್ಥಿ ಬ್ಯೂನಸ್ ಐರಿಸ್‌ನಲ್ಲಿ "ಬಸ್ಸನ್ನು ಎಲ್ಲಿ ಹಿಡಿಯಲಿ" ಎಂದು ಕೇಳಿದಾಗ ಸುತ್ತಲಿನವರು ಯಾಕೆ ನಕ್ಕರೆಂದು ಅವನಿಗೆ ತಿಳಿಯುವುದಿಲ್ಲ. ಕೊಲಂಬಿಯಾ, ಕ್ಯೂಬಾಗಳಲ್ಲಿ ಪದಕ್ಕೆ ಏನೂ ಕಳಂಕವಿಲ್ಲ. ಎಲ್ಲ ಕಡೆ ಸಲ್ಲುವ ಪದ 'ತೊಮಾರ್'. ಇದೊಂದನ್ನು ರೂಢಿ ಮಾಡಿಕೊಂಡರೆ ಅರ್ಧ ಮುಜುಗರ ತಪ್ಪುತ್ತದೆ.

ಕಾರಿನ ಕತೆ ಬಸ್ಸಿನಷ್ಟು ಗೋಜಲಲ್ಲ. ಭೂಪಟವನ್ನು ಸುಮಾರಾಗಿ ಮೂರು ಭಾಗ ಮಾಡಬಹುದು. ಸ್ಪೇನ್‌ನಲ್ಲಿ 'ಕೋಚೆ'. ಕೊಲಂಬಿಯಾ, ವೆನೆಜುವೆಲಾ, ಮಧ್ಯ ಅಮೆರಿಕ, ಕೆರಿಬಿಯನ್ ದ್ವೀಪಗಳಲ್ಲಿ 'ಕಾರೊ'. ಅರ್ಜೆಂಟೀನಾ, ಚಿಲಿ, ಉರುಗ್ವೆಗಳಲ್ಲಿ 'ಔತೊ'. ಮೆಕ್ಸಿಕೊದಲ್ಲಿ ಕೋಚೆಯೂ ಕಾರೊವೂ ನಡೆಯುತ್ತವೆ. ಮೊದಲಿನ ಎರಡೂ ಮೋಟಾರಿಗಿಂತ ನೂರಾರು ವರ್ಷ ಹಳೆಯವು. ಹಂಗೆರಿಯಲ್ಲಿ ಕೋಚ್ ಎಂಬ ಹಳ್ಳಿಯಿದೆ. ಅಲ್ಲಿ ಮಾಡುತ್ತಿದ್ದ ಕುದುರೆ ಗಾಡಿ ಯುರೋಪಿನಲ್ಲೆಲ್ಲ ಹೆಸರಾಯಿತು, ಇಂಗ್ಲಿಷಿನ 'ಕೋಚ್' ಮತ್ತು ಸ್ಪೇನ್‌ನ 'ಕೋಚೆ' ಎರಡೂ ಆ ಹಳ್ಳಿಯ ಹೆಸರೇ. 'ಕಾರೊ' ಲ್ಯಾಟಿನ್ ಕಾಲದ ಬಂಡಿ. ಕುದುರೆ ಹೋಗಿ ಎಂಜಿನ್ ಬಂದಾಗ ಒಂದು ಕಡೆಯವರು ಸಾರೋಟಿನ ಹೆಸರನ್ನೂ ಇನ್ನೊಂದು ಕಡೆಯವರು ಬಂಡಿಯ ಹೆಸರನ್ನೂ ಅದಕ್ಕೆ ಕೊಟ್ಟರು. ಹೀಗಾಗಿ ಸ್ಪೇನ್‌ನವನಿಗೆ 'ಕಾರೊ' ಎಂದರೆ ಇಂದಿಗೂ ಎತ್ತಿನ ಬಂಡಿ, ಅಥವಾ ಸೂಪರ್ ಮಾರ್ಕೆಟಿನಲ್ಲಿ ತಳ್ಳುವ ಗಾಡಿ. ಚಿಲಿಯಲ್ಲಿ 'ಕೋಚೆ' ಎಂದರೆ ಮಗುವನ್ನು ಕೂರಿಸಿ ತಳ್ಳುವ ಗಾಡಿ, ಗ್ವಾಗ್ವಾದ ವಾಹನ. ಗ್ವಾಟೆಮಾಲಾದಲ್ಲಿ 'ಕೋಚೆ' ಎಂದರೆ ಹಂದಿ. ಸ್ಪೇನ್‌ನಿಂದ ಹೋದವರು ತಮ್ಮ ಹೊಸ ಕೋಚೆಯ ಬಗ್ಗೆ ಅಲ್ಲಿ ಜಂಬ ಕೊಚ್ಚದಿರುವುದು ಒಳ್ಳೆಯದು.

ಕಾರು ಇದ್ದಮೇಲೆ ಅದರ ಹೊಟ್ಟೆಗೂ ಬೇಕು. ಪೆಟ್ರೋಲಿಗೆ ಬಹುಪಾಲು ಕಡೆ 'ಗಸೊಲೀನಾ', ಅರ್ಜೆಂಟೀನಾದಲ್ಲಿ 'ನಾಫ್ತಾ', ಚಿಲಿಯಲ್ಲಿ 'ಬೆನ್ಸೀನಾ'. ಪೆಟ್ರೋಲ್ ಬಂಕಿಗೆ ಪೆರುವಿನಲ್ಲಿ 'ಗ್ರೀಫೊ' ಎನ್ನುತ್ತಾರೆ, ಸ್ಪೇನ್‌ನಲ್ಲಿ ಅದು ಅಡುಗೆಮನೆಯ ನಲ್ಲಿ. ಪೆರುವಿನ ಹೆದ್ದಾರಿಯಲ್ಲಿ "ಗ್ರೀಫೊ, 2 ಕಿ.ಮೀ." ಎಂಬ ಫಲಕ ಕಂಡ ಸ್ಪೇನ್‌ನ ಪ್ರವಾಸಿ, ಕೈ ತೊಳೆಯಲು ಇಷ್ಟು ದೂರವೇ ಎಂದುಕೊಂಡರೆ ತಪ್ಪು ಅವನದಲ್ಲ.

ಜ್ಯೂಸಿಗೆ ಬಂದಾಗ ಮೇಲೆ ಹೇಳಿದ ವಾದ ನಿಲ್ಲುವುದಿಲ್ಲ ಎಂದು ಚುರುಕಾದ ಓದುಗರು ಕೇಳಬಹುದು. ಹಣ್ಣು ಹಿಂಡಿ ರಸ ಕುಡಿಯುವುದಕ್ಕೆ ಯಂತ್ರಯುಗ ಬರಬೇಕಿರಲಿಲ್ಲವಲ್ಲ! ನಿಜ. ಇಲ್ಲಿ ನಡೆದದ್ದೇ ಬೇರೆ. ಸ್ಪ್ಯಾನಿಷಿನಲ್ಲಿ ರಸಕ್ಕೆ ಮೊದಲಿನಿಂದಲೂ ಎರಡು ಪದಗಳಿದ್ದವು. ಒಂದು ಲ್ಯಾಟಿನ್ ಮೂಲದ 'ಹೂಗೊ', ಇನ್ನೊಂದು ಗ್ರೀಕರಿಂದ ಬಂದ 'ಸೂಮೊ'. ಮ್ಯಾಡ್ರಿಡ್ ಕಡೆಯವರು ಇದನ್ನು ನಾಲಿಗೆ ಹಲ್ಲಿಗೆ ತಾಗಿಸಿ 'ಥೂಮೊ' ಎನ್ನುತ್ತಾರೆ. ಸ್ಪೇನ್‌ನಲ್ಲಿ ಹಣ್ಣಿನ ರಸಕ್ಕೆ ಸೂಮೊ ನಿಂತಿತು. ಹೂಗೊ ಎಂದರೆ ಅಲ್ಲಿ ಬೆಂದ ಮಾಂಸ ಬಿಟ್ಟ ರಸ, ಹೊಟ್ಟೆಯೊಳಗಿನ ಜೀರ್ಣರಸ. ಅಮೆರಿಕ ಖಂಡದಲ್ಲಿ ಹೂಗೊ ಎಲ್ಲವನ್ನೂ ನುಂಗಿ ಹಣ್ಣಿನ ರಸವೂ ತಾನೇ ಆಯಿತು, ಸೂಮೊ ಮೂಲೆಗೆ ಸರಿಯಿತು. ಕೇಳಿದರೆ ಎರಡೂ ಕಡೆಯವರಿಗೆ ಅರ್ಥವಾಗುತ್ತದೆ. ಆದರೆ ಮ್ಯಾಡ್ರಿಡ್‌ನಲ್ಲಿ ಹೂಗೊ ಕೇಳಿದವನು ಎಲ್ಲಿಯವನೆಂದು ಹೋಟೆಲಿನವನಿಗೆ ತಕ್ಷಣ ಗೊತ್ತಾಗುತ್ತದೆ.

ನಿಜವಾದ ತೊಡಕು ಇರುವುದು ಹಣ್ಣಿನ ಹೆಸರಿನಲ್ಲಿ. ಪೋರ್ಟೊ ರಿಕೊದಲ್ಲಿ ಕಿತ್ತಳೆ ಜ್ಯೂಸಿಗೆ 'ಚೀನಾ ಹೂಗೊ' ಎಂದು ಕೇಳಬೇಕು. ಸಿಹಿ ಕಿತ್ತಳೆ ಚೀನಾ ದೇಶದ ಹಣ್ಣು ಎಂಬ ನೆನಪಿನಲ್ಲಿ ಆ ದ್ವೀಪದವರು ಅದಕ್ಕೆ 'ಚೀನಾ' ಎಂದೇ ಹೆಸರಿಟ್ಟಿದ್ದಾರೆ. ಪುಸ್ತಕದಲ್ಲಿ ಕಲಿತ 'ನರಾಂಹಾ' ಎಂಬ ಪದ ಅಲ್ಲಿ ಹುಳಿ ಕಿತ್ತಳೆಗೆ ಮೀಸಲು. ಈ 'ನರಾಂಹಾ' ನಮ್ಮ ನಾರಂಗಿಯೇ, ಸಂಸ್ಕೃತದ 'ನಾರಂಗ' ಪರ್ಷಿಯಾ, ಅರಬ್ ದೇಶಗಳನ್ನು ಹಾದು ಸ್ಪೇನ್ ಸೇರಿತು. ಹವಾನಾದಲ್ಲಿ ಪಪ್ಪಾಯಿ ಜ್ಯೂಸ್ ಬೇಕಿದ್ದರೆ 'ಫ್ರೂತಾ ಬೋಂಬಾ' ಎನ್ನಿ. ಅಲ್ಲಿನ ಆಡುಮಾತಿನಲ್ಲಿ ಪಪಾಯಾ ಹೆಣ್ಣಿನ ಗುಪ್ತಾಂಗದ ಹೆಸರಾಗಿರುವುದರಿಂದ ಹಣ್ಣಿಗೆ ಬೇರೆ ಹೆಸರು ಹುಡುಕಿಕೊಂಡಿದ್ದಾರೆ. ಕೊಲಂಬಿಯಾದಲ್ಲಿ ಹಣ್ಣಿನ ಹೆಸರು ಸರಿಯಾಗಿ ಹೇಳಿದರೂ ಮುಗಿಯಲಿಲ್ಲ. "ನೀರಿನಲ್ಲೋ, ಹಾಲಿನಲ್ಲೋ?" ಎಂಬ ಪ್ರಶ್ನೆ ಬರುತ್ತದೆ. ಅಲ್ಲಿ ಹೂಗೊ ಎಂದರೆ ಬರೀ ಹಿಂಡಿದ ರಸವಲ್ಲ, ಹಣ್ಣಿನ ತಿರುಳನ್ನು ನೀರಿನಲ್ಲೋ ಹಾಲಿನಲ್ಲೋ ರುಬ್ಬಿದ್ದು. ನಮ್ಮ ಕಡೆಯ ಜ್ಯೂಸ್ ಅಂಗಡಿಗೆ ಹೋಗಿ ಬಂದವರಿಗೆ ಇದು ವಿಚಿತ್ರವೆನಿಸದು. ಕುಡಿಯಲು ಸ್ಟ್ರಾ ಕೇಳುವುದು ಇನ್ನೊಂದು ಅಧ್ಯಾಯ. ಮೆಕ್ಸಿಕೊದ 'ಪೊಪೋತೆ'ಯಿಂದ ಹಿಡಿದು ಕೊಲಂಬಿಯಾದ 'ಪಿತೀಯೊ'ವರೆಗೆ ಅದಕ್ಕೆ ಹತ್ತಾರು ಹೆಸರುಗಳಿವೆ. ಬಾಯಿಂದ ಹೀರಿದಂತೆ ನಟಿಸಿ ತೋರಿಸಿಬಿಡುವುದೇ ಸುಲಭ.

ಮೊಬೈಲ್ ಫೋನು ಇವುಗಳಲ್ಲಿ ಕಿರಿಯದು. ಸಿನಿಮಾ, ಟಿ.ವಿ. ಎಲ್ಲ ಕಡೆ ತಲುಪಿದ ಕಾಲದಲ್ಲಿ ಬಂದರೂ ಅದೂ ಎರಡಾಗಿ ಸೀಳಿತು. ಸ್ಪೇನ್‌ನಲ್ಲಿ 'ಮೋಬಿಲ್', ಅಟ್ಲಾಂಟಿಕ್ ದಾಟಿದರೆ 'ಸೆಲುಲಾರ್'. ಇದು ಸ್ಪ್ಯಾನಿಷರ ಜಗಳವಲ್ಲ, ಇಂಗ್ಲಿಷಿನ ಜಗಳದ ನೆರಳು. ಬ್ರಿಟನ್ನಿನವರು ಎಲ್ಲಿಗೆ ಬೇಕಾದರೂ ಒಯ್ಯಬಹುದೆಂದು ಮೊಬೈಲ್ ಎಂದರು. ಅಮೆರಿಕದವರು ಅದರ ತಂತ್ರವನ್ನು ಹಿಡಿದು ಹೆಸರಿಟ್ಟರು. ಈ ಫೋನು ಕೆಲಸ ಮಾಡಲು ಊರನ್ನು ಸಣ್ಣ ಸಣ್ಣ ಕೋಶಗಳಾಗಿ ವಿಂಗಡಿಸಿ, ಕೋಶಕ್ಕೊಂದರಂತೆ ಗೋಪುರ ನಿಲ್ಲಿಸುತ್ತಾರೆ. ಕೋಶಕ್ಕೆ 'ಸೆಲ್' ಎನ್ನುವುದರಿಂದ ಅದು ಸೆಲ್ ಫೋನ್. ಸ್ಪೇನ್ ತನ್ನ ಯುರೋಪಿನ ನೆರೆಯವರ ಹಾದಿ ಹಿಡಿಯಿತು, ಲ್ಯಾಟಿನ್ ಅಮೆರಿಕ ಉತ್ತರದ ನೆರೆಯವರದ್ದು. ಹೆಸರು ಉದ್ದವೆನಿಸಿ ಮೆಕ್ಸಿಕೊದವರು 'ಸೆಲ್' ಎಂದೂ ಅರ್ಜೆಂಟೀನಾದವರು 'ಸೆಲು' ಎಂದೂ ಮೊಟಕು ಮಾಡಿಕೊಂಡಿದ್ದಾರೆ. ಅರ್ಜೆಂಟೀನಾದಲ್ಲಿ 'ಮೋಬಿಲ್' ಎಂದರೆ ಪೊಲೀಸರ ಗಸ್ತು ವಾಹನವೋ ಟಿ.ವಿ. ವರದಿಗಾರರ ವ್ಯಾನೋ ಇರಬಹುದು. ಹಾಗಾಗಿ ಅಲ್ಲಿ ನಿಂತು "ನನ್ನ ಮೋಬಿಲ್ ಕಳುವಾಗಿದೆ" ಎಂದು ದೂರು ಕೊಡುವ ಮುನ್ನ ಒಂದು ಕ್ಷಣ ಯೋಚಿಸಬೇಕು.

ಕಂಪ್ಯೂಟರಿಗೂ ಇದೇ ಗತಿಯಾಯಿತು. 1955ರಲ್ಲಿ ಐಬಿಎಂ ಕಂಪನಿಯ ಫ್ರಾನ್ಸ್ ಶಾಖೆಯವರು ತಮ್ಮ ಯಂತ್ರಕ್ಕೊಂದು ಫ್ರೆಂಚ್ ಹೆಸರು ಬೇಕೆಂದು ಲ್ಯಾಟಿನ್ ಪ್ರಾಧ್ಯಾಪಕ ಜಾಕ್ ಪೆರೆ ಅವರನ್ನು ಕೇಳಿದರು. ಅವರು ಕೊಟ್ಟ ಪದಕ್ಕೆ 'ಕ್ರಮಗೊಳಿಸುವುದು' ಎಂದರ್ಥ. ಸ್ಪೇನ್ ಅದನ್ನೇ ತನ್ನ ಉಚ್ಚಾರಕ್ಕೆ ಒಗ್ಗಿಸಿ 'ಒರ್ದೆನದೋರ್' ಎಂದಿತು. ಮೆಕ್ಸಿಕೊ, ಅರ್ಜೆಂಟೀನಾಗಳು ಇಂಗ್ಲಿಷನ್ನು ಅನುಸರಿಸಿ 'ಕೊಂಪುತದೋರಾ' ಎಂದು ಸ್ತ್ರೀಲಿಂಗ ಮಾಡಿಕೊಂಡವು. ಚಿಲಿ, ಕೊಲಂಬಿಯಾಗಳು 'ಕೊಂಪುತದೋರ್' ಎಂದು ಪುಲ್ಲಿಂಗದಲ್ಲಿ ಇಟ್ಟುಕೊಂಡವು. ಯಂತ್ರ ಮೂರೂ ಕಡೆ ಒಂದೇ.

ಇಷ್ಟು ಓದಿದವರಿಗೆ ಈ ದೇಶಗಳವರು ಒಬ್ಬರೊಡನೊಬ್ಬರು ಮಾತಾಡುವುದೇ ಕಷ್ಟವೇನೋ ಎನಿಸಬಹುದು. ಹಾಗಿಲ್ಲ. 'ಔತೊಬೂಸ್', 'ಔತೊಮೋಬಿಲ್', 'ತೆಲೇಫೊನೊ' ಎಂದರೆ ಎಲ್ಲರಿಗೂ ತಿಳಿಯುತ್ತದೆ. ಮೆಕ್ಸಿಕೊದ ಧಾರಾವಾಹಿಗಳನ್ನು ದಶಕಗಳಿಂದ ನೋಡುತ್ತ ಬಂದವರಿಗೆ ಅಲ್ಲಿನ ಪದ ಹೊಸದಲ್ಲ. ಮಾತಿನ ಸಂದರ್ಭವೇ ಬಹುಪಾಲು ಗೊಂದಲ ಬಿಡಿಸುತ್ತದೆ, ನಿಲ್ದಾಣದಲ್ಲಿ ನಿಂತವನು ಗ್ವಾಗ್ವಾ ಯಾವಾಗ ಬರುತ್ತದೆ ಎಂದು ಕೇಳಿದರೆ ಅವನು ಮಗುವಿಗಾಗಿ ಕಾಯುತ್ತಿಲ್ಲ ಎಂಬುದು ಚಿಲಿಯವರಿಗೂ ಹೊಳೆಯುತ್ತದೆ. 1713ರಲ್ಲಿ ಮ್ಯಾಡ್ರಿಡ್‌ನಲ್ಲಿ ಹುಟ್ಟಿದ ಭಾಷಾ ಅಕಾಡೆಮಿ ಒಂದು ಕಾಲಕ್ಕೆ ಸ್ಪೇನ್‌ನ ಪದವೇ ಸರಿ, ಉಳಿದವು ಪ್ರಾಂತೀಯ ಎಂಬ ಧಾಟಿಯಲ್ಲಿತ್ತು. 1951ರಲ್ಲಿ ಮೆಕ್ಸಿಕೊದಲ್ಲಿ ಎಲ್ಲ ದೇಶಗಳ ಅಕಾಡೆಮಿಗಳು ಒಂದು ಸಂಘ ಕಟ್ಟಿಕೊಂಡವು. ಆ ಸಂಘ 2010ರಲ್ಲಿ ಅಮೆರಿಕ ಖಂಡದ ಪದಗಳಿಗೇ ಒಂದು ದೊಡ್ಡ ನಿಘಂಟು ಹೊರತಂದಿತು. ಅಂಗಡಿಯ ತೂಕದಲ್ಲಿ ಈಗ ಯಾರ ತಕ್ಕಡಿಯೂ ಮೇಲಲ್ಲ.

ಕಷ್ಟ ಇರುವುದು ಬರೆಯುವವರಿಗೆ, ಅದರಲ್ಲೂ ಎಲ್ಲ ದೇಶಕ್ಕೂ ಒಂದೇ ಪಠ್ಯ ಕಳಿಸಬೇಕಾದವರಿಗೆ. ಫೋನಿನ ಭಾಷೆಯ ಪಟ್ಟಿ ತೆರೆದರೆ `Español (España)` ಮತ್ತು `Español (Latinoamérica)` ಎಂದು ಬೇರೆ ಬೇರೆ ಕಾಣುವುದು ಇದಕ್ಕೇ. ಸಾಫ್ಟ್‌ವೇರ್ ಕೆಲಸದಲ್ಲಿರುವವರು ಸ್ಪೇನ್‌ಗೆ `es-ES`, ಮೆಕ್ಸಿಕೊಗೆ `es-MX`, ಇಡೀ ಲ್ಯಾಟಿನ್ ಅಮೆರಿಕಕ್ಕೆ `es-419` ಎಂಬ ಸಂಕೇತಗಳನ್ನು ಬಲ್ಲರು. 419 ಎಂಬುದು ವಿಶ್ವಸಂಸ್ಥೆ ಆ ಪ್ರದೇಶಕ್ಕೆ ಕೊಟ್ಟ ಸಂಖ್ಯೆ. ಆದರೆ ನಾವು ನೋಡಿದಂತೆ ಲ್ಯಾಟಿನ್ ಅಮೆರಿಕ ಎಂಬುದು ಒಂದು ಊರಲ್ಲ. ಬಸ್ ಟಿಕೆಟ್ಟಿನ ಆ್ಯಪ್ ಮಾಡುವವರು `es-419` ಒಂದರಲ್ಲಿ 'ಕಾಮ್ಯೋನ್' ಎಂದು ಬರೆದರೆ ಮೆಕ್ಸಿಕೊದಾಚೆ ಅದು ಲಾರಿ ಬುಕ್ ಮಾಡುವ ಆ್ಯಪ್ ಆಗಿಬಿಡುತ್ತದೆ. ಅಲ್ಲಿ ಯಾರ ಮನೆಯ ಮಾತೂ ಅಲ್ಲದ, ಆದರೆ ಎಲ್ಲರೂ ಒಪ್ಪುವ 'ಔತೊಬೂಸ್' ಅಥವಾ 'ಬುಸ್' ಬಳಸುವುದೇ ಕ್ಷೇಮ. ದಿನಬಳಕೆಯ ವಸ್ತುಗಳ ಆ್ಯಪ್ ಆದರೆ ದೇಶಕ್ಕೊಂದು ಪಠ್ಯ ಮಾಡುವುದು ಬಿಟ್ಟು ಬೇರೆ ದಾರಿ ನನಗೆ ಕಾಣುವುದಿಲ್ಲ.

ಸ್ಪ್ಯಾನಿಷ್ ಕಲಿಯಲು ಹೊರಟ ಕನ್ನಡಿಗರು ಪುಸ್ತಕ ಕೊಳ್ಳುವ ಮೊದಲು ಅದರ ಹಾಳೆ ತಿರುವಿ ಎರಡು ಪದ ಹುಡುಕಲಿ. ಜ್ಯೂಸಿಗೆ `zumo`, ಕಂಪ್ಯೂಟರಿಗೆ `ordenador` ಎಂದಿದ್ದರೆ ಅದು ಸ್ಪೇನ್‌ಗೆ ಹೋಗುವವರ ಪುಸ್ತಕ. `jugo`, `computadora` ಎಂದಿದ್ದರೆ ಅಮೆರಿಕ ಖಂಡದ್ದು. ಕೆಲಸವೋ ಓದೋ ಯಾವ ದೇಶದಲ್ಲಿ ಎಂದು ಗೊತ್ತಿದ್ದರೆ ಅದಕ್ಕೆ ತಕ್ಕದ್ದನ್ನು ಆರಿಸಿಕೊಳ್ಳಿ. ಗೊತ್ತಿಲ್ಲದಿದ್ದರೆ ಮಾತಾಡುವವರು ಹೆಚ್ಚಿರುವ ಅಮೆರಿಕ ಖಂಡದ ಪುಸ್ತಕವೇ ಇರಲಿ. ಇನ್‌ಸ್ಟಿಟ್ಯೂಟೊ ಸೆರ್ವಾಂಟೆಸ್ ನೀಡುವ ಡೆಲೆ ಪ್ರಮಾಣಪತ್ರದ ಪರೀಕ್ಷೆಯಲ್ಲಿ ಬಸ್ಸಿಗೆ ಗ್ವಾಗ್ವಾ ಎಂದು ಬರೆದರೂ ಮೀಕ್ರೊ ಎಂದು ಬರೆದರೂ, ಒಂದು ದೇಶದ ಬಳಕೆಗೆ ಕೊನೆತನಕ ನಿಷ್ಠರಾಗಿದ್ದರೆ ಸಾಕು.